ಮಹಡಿ ಮನೆಯ ಇಂಟರ್ನೆಟ್ ತೆಗೆಸಲು ಹನ್ನೊಂದು ದಿನ, ನಾಲ್ಕು ಆಫರ್

ನಿನ್ನೆ ಡೆಪಾಸಿಟ್ ದುಡ್ಡು ಬ್ಯಾಂಕಿಗೆ ಬಂತು. ಇನ್ನು ಈ ಕೆಲಸ ಪೂರ್ತಿ ಮುಗಿದ ಹಾಗೆ. ಎಲ್ಲ ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಕನೆಕ್ಷನ್ ಕ್ಯಾನ್ಸಲ್ ಮಾಡಿಸೋಕೆ ಹೋದವರಿಗೆ ಒಂದರ ಹಿಂದೆ ಒಂದು ರಿಯಾಯಿತಿ ಬರುತ್ತದೆ. ಆಗ ಏನು ಮಾಡಬೇಕು, ಏನು ಹೇಳಬೇಕು ಅಂತ ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಕನಿಷ್ಠ ಒಂದು ವಾರ ಉಳಿಯುತ್ತಿತ್ತು.

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಕೆಳಗೆ ಅಪ್ಪ ಮತ್ತು ನಾನು, ಮಹಡಿ ಮೇಲೆ ತಮ್ಮ ಇದ್ದ. ಅವನಿಗೆ ಮನೆಯಿಂದಲೇ ಕೆಲಸ ಇದ್ದಾಗ ಮಹಡಿಗೆ ಪ್ರತ್ಯೇಕ ಫೈಬರ್ ಕನೆಕ್ಷನ್ ಹಾಕಿಸಿದ್ದೆವು. 200 ಎಂಬಿಪಿಎಸ್, ತಿಂಗಳಿಗೆ 999 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 1,178 ರೂಪಾಯಿ 82 ಪೈಸೆ. ಕೆಳಗೆ ನಮ್ಮದು ಬೇರೆಯವರ ಕನೆಕ್ಷನ್. 50 ಎಂಬಿಪಿಎಸ್, 499 ರೂಪಾಯಿ, ತೆರಿಗೆ ಸೇರಿ 588.82. ಅಪ್ಪನ ಯೂಟ್ಯೂಬ್, ನನ್ನ ಆಫೀಸ್ ಕೆಲಸ, ಎರಡಕ್ಕೂ ಅದೇ ಸಾಕು.

ತಮ್ಮನಿಗೆ ಪುಣೆಗೆ ವರ್ಗ ಆಯ್ತು. ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಹೋದ. ಮಹಡಿ ಖಾಲಿ. ಸದ್ಯಕ್ಕೆ ಬಾಡಿಗೆಗೆ ಕೊಡುವ ಯೋಚನೆಯೂ ಇಲ್ಲ. ಹೋಗುವಾಗ ಅವನು ಹೇಳಿದ್ದು ಒಂದೇ ಮಾತು, "ಅಕ್ಕ, ಆ ನೆಟ್ ಒಂದು ತೆಗೆಸಿಬಿಡು." ಕನೆಕ್ಷನ್ ನನ್ನ ಹೆಸರಲ್ಲಿತ್ತು, ಬಿಲ್ ಹೋಗುತ್ತಿದ್ದುದೂ ನನ್ನ ಖಾತೆಯಿಂದ. ಒಂದು ಫೋನ್ ಮಾಡಿದರೆ ಮುಗೀತು ಅಂದುಕೊಂಡೆ.

8ನೇ ತಾರೀಖು, ಸೋಮವಾರ. ಮೊದಲು ಕಂಪನಿಯ ಆ್ಯಪ್‌ನಲ್ಲಿ ಹುಡುಕಿದೆ. ಪ್ಲ್ಯಾನ್ ಬದಲಿಸಬಹುದು, ಸ್ಪೀಡ್ ಹೆಚ್ಚಿಸಬಹುದು, ಮನೆ ಬದಲಾದರೆ ಕನೆಕ್ಷನ್ ಅಲ್ಲಿಗೆ ಕಳಿಸಬಹುದು. ನಿಲ್ಲಿಸುವುದಕ್ಕೆ ಮಾತ್ರ ಬಟನ್ ಇಲ್ಲ. ಮನೆ ಹತ್ತಿರದ ಅವರ ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗ, "ಹೊಸ ಕನೆಕ್ಷನ್ ಮಾತ್ರ ಮೇಡಂ ಇಲ್ಲಿ, ತೆಗೆಸೋದಾದ್ರೆ ಕಸ್ಟಮರ್ ಕೇರ್‌ಗೇ ಮಾಡ್ಬೇಕು" ಅಂದ. ಸರಿ ಅಂತ ಮನೆಗೆ ಬಂದು ಫೋನ್ ಹಚ್ಚಿದೆ. ಒಂದು ಒತ್ತಿ, ಎರಡು ಒತ್ತಿ ಎಲ್ಲ ಆಗಿ, 22 ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬರು ಹುಡುಗಿ ಸಿಕ್ಕರು. ಕನ್ನಡದಲ್ಲೇ ಮಾತಾಡಿದರು, ತುಂಬ ಮರ್ಯಾದೆಯಿಂದ.

"ಯಾಕೆ ಮೇಡಂ ಕ್ಯಾನ್ಸಲ್ ಮಾಡ್ತಿದ್ದೀರಾ?" ಅಂತ ಕೇಳಿದರು. ನಾನು, "ಈಗ ಜಾಸ್ತಿ ಬಳಸ್ತಾ ಇಲ್ಲ, ಸುಮ್ನೆ ಸಾವಿರದ ಮೇಲೆ ದುಡ್ಡು ಹೋಗ್ತಿದೆ" ಅಂದೆ.

ಈ ಉತ್ತರ ಕೊಡಬಾರದಿತ್ತು ಅಂತ ಆಮೇಲೆ ಗೊತ್ತಾಯಿತು. ಅವರು ಕಾರಣ ಕೇಳುವುದು ಸುಮ್ನೆ ಅಲ್ಲ. ನೀವು ಹೇಳುವ ಕಾರಣಕ್ಕೆ ತಕ್ಕಂತೆ ಅವರ ಸ್ಕ್ರೀನ್ ಮೇಲೆ ಆಫರ್ ಬರುತ್ತದೆ. ದುಡ್ಡು ಜಾಸ್ತಿ ಅಂದರೆ ರಿಯಾಯಿತಿ, ನಿಧಾನ ಅಂದರೆ ಹೆಚ್ಚು ಸ್ಪೀಡ್, ಊರಿಗೆ ಹೋಗ್ತೀನಿ ಅಂದರೆ ಕೆಲವು ತಿಂಗಳು ನಿಲ್ಲಿಸಿಡುವ ವ್ಯವಸ್ಥೆ. ನಾನು "ಬಳಸ್ತಾ ಇಲ್ಲ" ಮತ್ತು "ದುಡ್ಡು" ಎರಡನ್ನೂ ಹೇಳಿ ಎಲ್ಲ ಬಾಗಿಲೂ ತೆರೆದುಬಿಟ್ಟಿದ್ದೆ. ನಿಜವಾದ ಕಾರಣ ಬೇರೆ ಇತ್ತಲ್ಲ. ಆ ಮನೆಯಲ್ಲಿ ಈಗ ಯಾರೂ ಇಲ್ಲ. ಅದನ್ನೇ ಹೇಳಬೇಕಿತ್ತು. ಸುಳ್ಳು ಹೇಳುವ ಅಗತ್ಯ ಯಾರಿಗೂ ಇಲ್ಲ. ನಿಮ್ಮ ಕಾರಣಗಳಲ್ಲಿ ರಿಯಾಯಿತಿಯಿಂದ ಬಗೆಹರಿಯದೆ ಇರುವುದು ಯಾವುದೋ ಅದನ್ನು ಮೊದಲು ಹೇಳಿ, ಅಷ್ಟಕ್ಕೆ ನಿಲ್ಲಿಸಿ.

ಮೊದಲನೇ ಆಫರ್ ಬಂತು. ಅದೇ 999ಕ್ಕೆ 300 ಎಂಬಿಪಿಎಸ್, ಆರು ತಿಂಗಳು. ಕೇಳೋಕೆ ಏನೋ ಸಿಕ್ಕಿದ ಹಾಗಿದೆ. ಆದರೆ ಬಿಲ್ ಒಂದು ರೂಪಾಯಿಯೂ ಇಳಿಯುವುದಿಲ್ಲ. ನಾನು ಏನು ಹೇಳಬೇಕೋ ತೋಚದೆ "ಯೋಚನೆ ಮಾಡಿ ಹೇಳ್ತೀನಿ" ಅಂದೆ. ಅವರು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟರು. ಕ್ಯಾನ್ಸಲ್ ರಿಕ್ವೆಸ್ಟ್ ಹಾಕಿರುತ್ತಾರೆ, ಆಫರ್ ಬೇಕಾದರೆ ನಾನು ಹೇಳಬೇಕು ಅಂತ ನನ್ನ ಲೆಕ್ಕ. ಅವರ ಲೆಕ್ಕ ಪೂರ್ತಿ ಉಲ್ಟಾ. ಯೋಚನೆ ಮಾಡ್ತೀನಿ ಅಂದರೆ ಗ್ರಾಹಕರು ಉಳಿದರು ಅಂತಲೇ ಅರ್ಥ. ಯಾವ ರಿಕ್ವೆಸ್ಟೂ ದಾಖಲಾಗಿರಲಿಲ್ಲ.

10ನೇ ತಾರೀಖು ಬುಧವಾರ ಮಧ್ಯಾಹ್ನ ನಾನು ಆಫೀಸಲ್ಲಿದ್ದೆ. ಅವರೇ ಫೋನ್ ಮಾಡಿದರು. ಈ ಸಲ ಬೇರೆ ವಿಭಾಗ. ಬಿಟ್ಟು ಹೋಗುವ ಗ್ರಾಹಕರನ್ನು ಉಳಿಸಿಕೊಳ್ಳುವುದೇ ಇವರ ಕೆಲಸ, ರಿಟೆನ್ಷನ್ ಅಂತಾರೆ. ಎರಡನೇ ಆಫರ್: ಆರು ತಿಂಗಳು ಶೇ. 40 ರಿಯಾಯಿತಿ.

ಇದು ನಿಜವಾದ ರಿಯಾಯಿತಿ. ಹಾಗಾಗಿ ಸ್ವಲ್ಪ ಗಂಭೀರವಾಗಿ ಕೇಳಿಸಿಕೊಂಡೆ. ನನ್ನದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ, ಹಾಗಾಗಿ ಕೈಗೆ ಪೆನ್ನು ತಾನಾಗೇ ಬಂತು. ಶೇ. 40 ಯಾವುದರ ಮೇಲೆ? 999ರ ಮೇಲೆ, ತೆರಿಗೆ ಬೇರೆ. ಅಂದರೆ 599.40, ಜಿಎಸ್‌ಟಿ ಸೇರಿ 707.29. ಆರು ತಿಂಗಳಾದ ಮೇಲೆ? ಮತ್ತೆ ಹಳೇ ಬೆಲೆ, ತಾನಾಗಿಯೇ. ಆರು ತಿಂಗಳಾದ ತಕ್ಷಣ ಬಿಡಬಹುದಾ? ಇಲ್ಲಿ ಆ ಕಡೆಯಿಂದ ಸ್ವಲ್ಪ ತಡೆದು ಉತ್ತರ ಬಂತು. ಇಲ್ಲ ಮೇಡಂ, ಆಫರ್ ತಗೊಂಡ ದಿನದಿಂದ ಹನ್ನೆರಡು ತಿಂಗಳು ಇರಬೇಕು, ಮೊದಲೇ ಬಿಟ್ಟರೆ ಕೊಟ್ಟ ರಿಯಾಯಿತಿಯನ್ನು ಕೊನೇ ಬಿಲ್ಲಿಗೆ ಸೇರಿಸ್ತೀವಿ ಅಂದರು.

ದಯವಿಟ್ಟು ಈ ಪ್ರಶ್ನೆ ಕೇಳೋದು ಮರೀಬೇಡಿ. ಎಷ್ಟು ತಿಂಗಳು ರಿಯಾಯಿತಿ ಅನ್ನುವುದು ಒಂದು, ಎಷ್ಟು ತಿಂಗಳು ಕಟ್ಟಿಹಾಕುತ್ತಾರೆ ಅನ್ನುವುದು ಇನ್ನೊಂದು. ಎರಡೂ ಒಂದೇ ಆಗಿದ್ದರೆ ಪರವಾಗಿಲ್ಲ. ಕಟ್ಟಿಹಾಕುವ ಅವಧಿ ಜಾಸ್ತಿ ಇದ್ದರೆ ಆಫರನ್ನು ಆ ಪೂರ್ತಿ ಅವಧಿಗೆ ಹರಡಿ ನೋಡಬೇಕು. ಆರು ತಿಂಗಳು 707.29ರ ಹಾಗೆ 4,243.74. ಇನ್ನಾರು ತಿಂಗಳು 1,178.82ರ ಹಾಗೆ 7,072.92. ಒಟ್ಟು 11,316.66. ತಿಂಗಳಿಗೆ ಸರಾಸರಿ 943 ರೂಪಾಯಿ ಆಯ್ತು. ಶೇ. 40 ಅಂದದ್ದು ವರ್ಷದ ಲೆಕ್ಕದಲ್ಲಿ ಶೇ. 20 ಮಾತ್ರ. ಅದಕ್ಕಿಂತ ಮುಖ್ಯ, ನಮ್ಮ ಮಟ್ಟಿಗೆ ಇದು ಬೀಗ ಹಾಕಿದ ಮನೆಗೆ ಹನ್ನೊಂದು ಸಾವಿರ ರೂಪಾಯಿ ಖರ್ಚು.

ರಿಯಾಯಿತಿಯನ್ನು ಹಳೇ ಬಿಲ್ಲಿನ ಜೊತೆ ಹೋಲಿಸುವ ಹಾಗೆ ಅವರು ಮಾತಾಡುತ್ತಾರೆ. "ತಿಂಗಳಿಗೆ 471 ರೂಪಾಯಿ ಉಳಿಯುತ್ತೆ ಮೇಡಂ" ಅಂತ ಮೂರು ಸಲ ಹೇಳಿದರು. ಉಳಿಯುವುದು ಯಾವಾಗ? ನಾನು ಹೇಗೂ 1,178 ಕಟ್ಟುತ್ತಲೇ ಇರುತ್ತಿದ್ದೆ ಅನ್ನುವುದಾದರೆ. ನಾನು ಬಿಡೋಕೆ ಹೊರಟವಳು. ನನ್ನ ಮುಂದಿದ್ದ ಇನ್ನೊಂದು ದಾರಿಯ ಖರ್ಚು ಸೊನ್ನೆ. ಹೋಲಿಕೆ ಆ ಸೊನ್ನೆಯ ಜೊತೆ ಆಗಬೇಕು.

ಇದೇ ಮಾತು ಬೇರೆಯವರಿಗೆ ಬೇರೆ ಥರ ಆಗಬಹುದು. ನಮ್ಮ ಆಫೀಸಿಗೆ ದಿನಾ ಮಂಡ್ಯದಿಂದ ರೈಲಲ್ಲಿ ಬರುವ ಗೆಳತಿಯೊಬ್ಬಳಿದ್ದಾಳೆ. ಅವಳ ಮನೆಯಲ್ಲಿ ಒಂದೇ ಕನೆಕ್ಷನ್, ಮಕ್ಕಳು ಓದುವವರು, ಬಿಡುವ ಪ್ರಶ್ನೆಯೇ ಇಲ್ಲ. ಬಿಲ್ ಜಾಸ್ತಿ ಆಯ್ತು ಅಂತ ಬೇರೆ ಕಂಪನಿಗೆ ಹೋಗುವ ಯೋಚನೆ ಮಾಡಿದ್ದಳು. ಅವಳಿಗೆ ಒಂದು ವರ್ಷಕ್ಕೆ ಶೇ. 20 ಕೊಟ್ಟರು, ಯಾವಾಗ ಬೇಕಾದರೂ ಬಿಡಬಹುದು ಅನ್ನುವುದನ್ನೂ ಮೆಸೇಜಲ್ಲಿ ಬರೆದು ಕಳಿಸಿದರು. ಅವಳು ಒಪ್ಪಿಕೊಂಡಳು. ಸರಿಯಾಗಿಯೇ ಮಾಡಿದಳು. ಅವಳಿಗೆ ಆ ವಸ್ತು ಹೇಗೂ ಬೇಕಿತ್ತು.

ಸರಿ, ಆ ಬುಧವಾರದ ಫೋನಿಗೆ ಬರುತ್ತೇನೆ. ಲೆಕ್ಕ ಹಾಕಿ ಬೇಡ ಅಂತ ನನಗೆ ನನ್ನೊಳಗೆ ಖಾತ್ರಿ ಆಯ್ತು. ಅಷ್ಟರಲ್ಲಿ ಮ್ಯಾನೇಜರ್ ಕರೆದರು. "ಆಮೇಲೆ ಮಾಡ್ತೀನಿ" ಅಂತ ಫೋನ್ ಇಟ್ಟೆ. ಸಂಜೆ ಬಸ್ಸಿನಲ್ಲಿ ಬರುವಾಗ ಮೆಸೇಜ್ ಬಂತು. ನಿಮ್ಮ ಒಪ್ಪಿಗೆಯಂತೆ ಶೇ. 40 ಆಫರ್ ಜಾರಿಯಾಗಿದೆ, ಅವಧಿ 12 ತಿಂಗಳು.

ನನ್ನ ಕೈಕಾಲು ತಣ್ಣಗಾಯಿತು. ನಾನು ಯಾವಾಗ ಒಪ್ಪಿದೆ? ರಾತ್ರಿ ಮತ್ತೆ ಫೋನ್ ಮಾಡಿದಾಗ, "ರೆಕಾರ್ಡಿಂಗ್‌ನಲ್ಲಿ ನೀವು ಹ್ಞೂಂ ಅಂದಿದ್ದೀರಾ ಮೇಡಂ" ಅಂದರು. ಹೌದು, ಅಂದಿದ್ದೆ. ನಾವು ಮಾತು ಕೇಳುವುದೇ ಹಾಗಲ್ವಾ? ಯಾರಾದರೂ ಏನಾದರೂ ಹೇಳುತ್ತಿದ್ದರೆ ಹ್ಞೂಂ, ಹ್ಞೂಂ ಅನ್ನುತ್ತಲೇ ಇರುತ್ತೇವೆ. ಕೇಳಿಸುತ್ತಿದೆ, ಮುಂದೆ ಹೇಳಿ ಅಂತ ಅದರ ಅರ್ಥ. ಆದರೆ ಅವರು ನಿಯಮಗಳನ್ನೆಲ್ಲ ಒಂದೇ ಉಸಿರಲ್ಲಿ ಓದಿ ಕೊನೆಗೆ "ಹಾಕಿಬಿಡಲಾ ಮೇಡಂ" ಅಂದಿರುತ್ತಾರೆ. ಆ ಜಾಗದಲ್ಲಿ ಬಿದ್ದ ಒಂದು ಹ್ಞೂಂ ಒಪ್ಪಿಗೆಯಾಗಿಬಿಡುತ್ತದೆ. ಅಂದಿನಿಂದ ಈ ಫೋನ್‌ಗಳಲ್ಲಿ ನಾನು ಹ್ಞೂಂ ಅನ್ನುವುದನ್ನೇ ಬಿಟ್ಟೆ. "ಕೇಳಿಸ್ತಿದೆ, ಹೇಳಿ" ಅಂತ ಪೂರ್ತಿ ಹೇಳುತ್ತೇನೆ. ಮಾತು ಮುಗಿದ ಮೇಲೆ, "ನಾನು ಯಾವ ಆಫರನ್ನೂ ಒಪ್ಪಿಲ್ಲ" ಅಂತ ಒಂದು ವಾಕ್ಯ ಸೇರಿಸುತ್ತೇನೆ. ಅವರು ರೆಕಾರ್ಡ್ ಮಾಡುತ್ತಾರೆ ಅಂದಮೇಲೆ ಆ ವಾಕ್ಯವೂ ರೆಕಾರ್ಡ್ ಆಗುತ್ತದೆ.

ಅದೇ ರಾತ್ರಿ ಕಂಪನಿಯ ದೂರು ವಿಭಾಗಕ್ಕೆ ಇಮೇಲ್ ಬರೆದೆ. ಉದ್ದ ಬರೆಯಲಿಲ್ಲ. ಕನೆಕ್ಷನ್ ನಂಬರ್, ಫೋನ್ ಬಂದ ದಿನ ಮತ್ತು ಸಮಯ, ನಾನು ಕನೆಕ್ಷನ್ ನಿಲ್ಲಿಸಲು ಕೇಳಿದ್ದೆ, ಆಫರ್ ಒಪ್ಪಿಲ್ಲ, ಅದನ್ನು ತೆಗೆದುಹಾಕಿ, ಹನ್ನೆರಡು ತಿಂಗಳ ಷರತ್ತು ನನಗೆ ಅನ್ವಯಿಸುವುದಿಲ್ಲ ಅಂತ ಬರೆದು ಕೊಡಿ. ಇನ್ನೊಂದು ಸಾಲು ಸೇರಿಸಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್‌ಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಅದರಲ್ಲಿ ಹೆಸರಿಸಿದ್ದಾರೆ. ಚಂದಾ ನಿಲ್ಲಿಸುವುದನ್ನು ಬೇಕೆಂದೇ ಕಷ್ಟ ಮಾಡಿಡುವುದೂ ಅದರಲ್ಲಿ ಒಂದು, ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್ ಅಂತ ಹೆಸರು. ಆ್ಯಪ್‌ನಲ್ಲಿ ನಿಲ್ಲಿಸುವ ಬಟನ್ ಇಲ್ಲದಿರುವುದನ್ನೂ, ಅಂಗಡಿಯಿಂದ ವಾಪಸ್ ಕಳಿಸಿದ್ದನ್ನೂ ಇದರ ಜೊತೆ ಬರೆದೆ. ಬೈಗುಳ ಏನೂ ಇಲ್ಲ. ಶುಕ್ರವಾರ ಉತ್ತರ ಬಂತು. ಆಫರ್ ತೆಗೆದಿದ್ದೇವೆ, ಯಾವ ಷರತ್ತೂ ಇಲ್ಲ ಅಂತ. ಆ ಇಮೇಲನ್ನು ಪ್ರಿಂಟ್ ತೆಗೆದು ಫೈಲಲ್ಲಿ ಇಟ್ಟಿದ್ದೇನೆ.

ಉತ್ತರ ಬರದೇ ಇದ್ದಿದ್ದರೆ 1915ಕ್ಕೆ ಮಾಡಬೇಕು ಅಂದುಕೊಂಡಿದ್ದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಟೆಲಿಕಾಂ ಕಂಪನಿಗಳಲ್ಲಿ ಇನ್ನೊಂದು ದಾರಿಯೂ ಇದೆ. ಮೊದಲು ಕಸ್ಟಮರ್ ಕೇರ್‌ನಲ್ಲಿ ದೂರು ಕೊಟ್ಟು ನಂಬರ್ ತಗೊಳ್ಳಬೇಕು. ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ದೂರಿನ ನಂಬರ್ ಇಲ್ಲದಿದ್ದರೆ ಈ ಎರಡನೇ ಮೆಟ್ಟಿಲು ಹತ್ತೋಕೆ ಆಗಲ್ಲ. ನನಗೆ ಅಲ್ಲಿವರೆಗೆ ಹೋಗುವ ಅಗತ್ಯ ಬೀಳಲಿಲ್ಲ.

ಇಷ್ಟೆಲ್ಲ ಆದರೂ ಕ್ಯಾನ್ಸಲ್ ರಿಕ್ವೆಸ್ಟ್ ಇನ್ನೂ ಆಗಿರಲಿಲ್ಲ! 13ನೇ ತಾರೀಖು ಶನಿವಾರ ಮತ್ತೆ ಫೋನ್ ಮಾಡಿದೆ. ಈ ಸಲ ಏನು ಹೇಳಬೇಕು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಅದನ್ನೇ ಇಲ್ಲಿ ಹಾಕುತ್ತೇನೆ, ಬೇಕಾದವರು ಹಾಗೇ ಬಳಸಿ. "ಆ ಮನೆಯಲ್ಲಿ ಈಗ ಯಾರೂ ಇಲ್ಲ. ಕನೆಕ್ಷನ್ನೇ ಬೇಕಾಗಿಲ್ಲ, ಬೆಲೆಯ ಪ್ರಶ್ನೆ ಅಲ್ಲ. ಮೊದಲು ಕ್ಯಾನ್ಸಲ್ ರಿಕ್ವೆಸ್ಟ್ ಹಾಕಿ ಅದರ ನಂಬರ್ ಕೊಡಿ. ಆಮೇಲೆ ನೀವು ಹೇಳಬೇಕಾದ್ದೆಲ್ಲ ಹೇಳಿ, ನಾನು ಕೇಳ್ತೀನಿ."

ಮೊದಲು ರಿಕ್ವೆಸ್ಟ್, ಆಮೇಲೆ ಆಫರ್. ಈ ಕ್ರಮ ಬದಲಾಗಲು ಬಿಡಬೇಡಿ. ರಿಕ್ವೆಸ್ಟ್ ಹಾಕಿಸಿದ ಮೇಲೂ ಆಫರ್ ಬರುತ್ತದೆ. ನನಗೆ ಎಲ್ಲಕ್ಕಿಂತ ಒಳ್ಳೆಯ ಬೆಲೆ ಸಿಕ್ಕಿದ್ದು ಆಮೇಲೆಯೇ. ಮನಸ್ಸು ಬದಲಾದರೆ ರಿಕ್ವೆಸ್ಟ್ ವಾಪಸ್ ತಗೋಬಹುದು ಅಂತ ಅವರೇ ಹೇಳಿದರು. ಹಾಗಾಗಿ ಮೊದಲು ಹಾಕಿಸುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ.

ಆ ದಿನ ಫೋನಲ್ಲಿ ಸಿಕ್ಕಿದ ಹುಡುಗ ಸರಿ ಮೇಡಂ ಅಂದು ಓಟಿಪಿ ಕಳಿಸಿದ. ಓಟಿಪಿ ಹೋಗಿದ್ದು ತಮ್ಮನ ಮೊಬೈಲಿಗೆ. ಕನೆಕ್ಷನ್ ಹಾಕಿಸುವಾಗ ಅವನ ನಂಬರ್ ಕೊಟ್ಟಿದ್ದೆವು, ಅದು ನೆನಪೇ ಇರಲಿಲ್ಲ. ಅವನಿಗೆ ಫೋನ್ ಮಾಡಿದರೆ ಎತ್ತಲಿಲ್ಲ, ಗಾಡಿ ಓಡಿಸುತ್ತಿದ್ದನಂತೆ. ಓಟಿಪಿ ಟೈಮ್ ಮುಗೀತು. ಮತ್ತೆ ಮೊದಲಿಂದ ಶುರು ಮಾಡಬೇಕು. ಸೋಮವಾರ ಬೆಳಿಗ್ಗೆ ಅವನನ್ನು ಒಂದು ಫೋನಲ್ಲಿ ಇಟ್ಟುಕೊಂಡು, ಅಪ್ಪನ ಫೋನಿಂದ ಕಸ್ಟಮರ್ ಕೇರ್‌ಗೆ ಮಾಡಿ, ಓಟಿಪಿ ಕೇಳಿ ಹೇಳಿದೆ. ಆಗ ರಿಕ್ವೆಸ್ಟ್ ನಂಬರ್ ಸಿಕ್ಕಿತು, ಮೆಸೇಜೂ ಬಂತು. ಫೋನ್ ಮಾಡುವ ಮೊದಲು ಕನೆಕ್ಷನ್ ಯಾರ ಹೆಸರಲ್ಲಿದೆ, ಯಾವ ಮೊಬೈಲ್, ಯಾವ ಇಮೇಲ್ ಅದಕ್ಕೆ ಸೇರಿದೆ ನೋಡಿಕೊಳ್ಳಿ. ಹಳೇ ಬಿಲ್ಲೊಂದು ಪಕ್ಕದಲ್ಲಿ ಇರಲಿ. ಡೆಪಾಸಿಟ್ ವಾಪಸ್ ಬರಬೇಕಾದ ಬ್ಯಾಂಕ್ ಖಾತೆಯ ವಿವರವನ್ನೂ ಅದೇ ಫೋನಲ್ಲಿ ಕೇಳಿದರು.

ಮಾರನೇ ದಿನ ಮಂಗಳವಾರ ಒಬ್ಬರು ಸೀನಿಯರ್ ಫೋನ್ ಮಾಡಿದರು. ಮೂರನೇ ಆಫರ್. ಆರು ತಿಂಗಳು 399 ರೂಪಾಯಿ. ಷರತ್ತು ಅದೇ, ಹನ್ನೆರಡು ತಿಂಗಳು ಇರಬೇಕು. "ಮೆಸೇಜಲ್ಲಿ ಕಳಿಸಿ, ನಾಳೆ ಹೇಳ್ತೀನಿ. ಅಲ್ಲಿವರೆಗೆ ರಿಕ್ವೆಸ್ಟ್ ನಿಲ್ಲಿಸಬೇಡಿ. ಈಗ ನಾನು ಏನೂ ಒಪ್ಪಿಲ್ಲ" ಅಂದೆ. ಮೆಸೇಜ್ ಕಳಿಸಿದರು. ಕಳಿಸದೇ ಇದ್ದಿದ್ದರೆ ಆ ಆಫರನ್ನು ಲೆಕ್ಕಕ್ಕೇ ತಗೋತಿರಲಿಲ್ಲ. ಬರೀ ಬಾಯಲ್ಲಿ ಹೇಳಿದ ಬೆಲೆ ಮುಂದಿನ ತಿಂಗಳ ಬಿಲ್ಲಿನಲ್ಲಿ ಬರದೇ ಹೋದರೆ ತೋರಿಸೋಕೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಈ ಆಫರ್ ಮಾತ್ರ ನನ್ನನ್ನು ಒಂದು ರಾತ್ರಿ ಯೋಚನೆಗೆ ಹಚ್ಚಿತು, ಅದನ್ನು ಮುಚ್ಚಿಡುವುದಿಲ್ಲ. ಅಪ್ಪ ಮಂಡ್ಯದ ಕಡೆಯವರು, ದುಡ್ಡಿನ ಬೆಲೆ ಗೊತ್ತಿರುವವರು. ಊಟ ಮಾಡುವಾಗ, "ಅರ್ಧಕ್ಕಿಂತ ಕಮ್ಮಿಗೆ ಕೊಡ್ತಾವ್ರಲ್ಲ ಕಣಮ್ಮ. ಇದನ್ನೇ ಇಟ್ಕೊಂಡು ಕೆಳಗಡೇದು ತೆಗೆಸಿಬಿಡು. ಮೇಲಿಂದ ವೈರ್ ಕೆಳಕ್ಕೆ ಎಳೆಸಿದ್ರಾಯ್ತು" ಅಂದರು. ತಳ್ಳಿಹಾಕುವ ಮಾತಲ್ಲ ಇದು. 399ಕ್ಕೆ 200 ಎಂಬಿಪಿಎಸ್, ನಾವು ಈಗ ಕೊಡುತ್ತಿರುವುದು 499, ಅದೂ 50ಕ್ಕೆ. ಅಂದರೆ ಈಗ ಹೋಲಿಕೆ ಸೊನ್ನೆಯ ಜೊತೆ ಅಲ್ಲ, ಕೆಳಗಿನ ಮನೆಯ ಬಿಲ್ಲಿನ ಜೊತೆ.

ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಲೆಕ್ಕ ಹಾಕಿದೆ. 399ಕ್ಕೆ ತೆರಿಗೆ ಸೇರಿದರೆ 470.82. ಕೆಳಗಿನದು 588.82. ತಿಂಗಳಿಗೆ 118 ರೂಪಾಯಿ ಉಳಿತಾಯ, ಆರು ತಿಂಗಳಿಗೆ 708. ಇಲ್ಲಿವರೆಗೆ ಅಪ್ಪ ಹೇಳಿದ್ದೇ ಸರಿ. ಏಳನೇ ತಿಂಗಳಿಂದ ಮೇಲಿನದು 1,178.82 ಆಗುತ್ತದೆ. ಕೆಳಗಿನದಕ್ಕಿಂತ 590 ರೂಪಾಯಿ ಜಾಸ್ತಿ. ಉಳಿದ ಆರು ತಿಂಗಳಿಗೆ 3,540. ಅದರಲ್ಲಿ ಮೊದಲು ಉಳಿಸಿದ 708 ಕಳೆದರೆ, ವರ್ಷದ ಕೊನೆಗೆ ನಾವು 2,832 ರೂಪಾಯಿ ಜಾಸ್ತಿ ಕೊಟ್ಟಿರುತ್ತೇವೆ. ವೈರ್ ಎಳೆಸುವ ಖರ್ಚು ಬೇರೆ. 200 ಎಂಬಿಪಿಎಸ್ ನಮಗೆ ಬೇಕಿದ್ದರೆ ಆ ಮಾತು ಬೇರೆಯಾಗುತ್ತಿತ್ತು. ಅಪ್ಪನ ಯೂಟ್ಯೂಬ್ 50ರಲ್ಲೇ ಒಂದು ದಿನವೂ ನಿಂತಿಲ್ಲ.

ಅಪ್ಪ ಕಾಗದ ತಿರುಗಿಸಿ ನೋಡಿ, "ಹಂಗಾದ್ರೆ ಬ್ಯಾಡ ಬಿಡು" ಅಂದರು.

ಹನ್ನೆರಡೂ ತಿಂಗಳು 399 ಕೊಟ್ಟಿದ್ದರೆ? ಆಗ ಅಪ್ಪನ ಮಾತೇ ಗೆಲ್ಲುತ್ತಿತ್ತು, ವರ್ಷಕ್ಕೆ 1,416 ಉಳಿಯುತ್ತಿತ್ತು. ಬುಧವಾರ ಅವರು ಫೋನ್ ಮಾಡಿದಾಗ ಅದನ್ನೂ ಕೇಳಿದೆ. ಕೇಳೋದ್ರಲ್ಲಿ ತಪ್ಪೇನಿಲ್ಲ. ಆಗಲ್ಲ ಮೇಡಂ, ಸಿಸ್ಟಮ್‌ನಲ್ಲಿ ಆರೇ ತಿಂಗಳು ಬರುತ್ತೆ ಅಂದರು. ಅಲ್ಲಿಗೆ ನಾನು ಹೇಳಿದ್ದು ಇಷ್ಟು: "ನೀವು ಇಷ್ಟು ಪ್ರಯತ್ನ ಪಟ್ಟಿದ್ದಕ್ಕೆ ಥ್ಯಾಂಕ್ಸ್ ಸರ್. ಮೆಸೇಜ್ ನೋಡಿದೆ, ಮನೇಲೂ ಮಾತಾಡಿದೆ. ನಮಗೆ ಬೇಡ. ರಿಕ್ವೆಸ್ಟ್ ಮುಂದುವರಿಸಿ."

ಅವರು ಇನ್ನೊಂದು ಹೇಳಿದರು. ನಾಲ್ಕನೇದು. ಮೂರು ತಿಂಗಳವರೆಗೆ ಕನೆಕ್ಷನ್ ನಿಲ್ಲಿಸಿ ಇಟ್ಟಿರುವುದು, ಸೇಫ್ ಕಸ್ಟಡಿ ಅಂತ ಹೆಸರು, ಅದಕ್ಕೆ ತಿಂಗಳಿಗೆ ಒಂದು ಸಣ್ಣ ಮೊತ್ತ. ನಾಲ್ಕರಲ್ಲಿ ನನಗೆ ಮೆಚ್ಚಿಗೆಯಾದದ್ದು ಇದೇ. ಮಗಳ ಬಾಣಂತನಕ್ಕೆ ಅಂತ ಎರಡು ತಿಂಗಳು ಊರು ಬಿಡುವವರಿಗೆ, ಮನೆ ರಿಪೇರಿ ಮಾಡಿಸುವವರಿಗೆ ಇದು ನಿಜವಾಗಿ ಅನುಕೂಲ. ಅಂಥವರು ಕ್ಯಾನ್ಸಲ್ ಅನ್ನದೆ ನೇರವಾಗಿ ಇದನ್ನೇ ಕೇಳಿ. ನಮ್ಮ ತಮ್ಮ ಮೂರು ತಿಂಗಳಲ್ಲಿ ಬರುವವನಲ್ಲ. ಹಾಗಾಗಿ ಇದಕ್ಕೂ ಅದೇ ಮಾತು, ಥ್ಯಾಂಕ್ಸ್, ಬೇಡ.

ಒಂದು ವಿಷಯ ಹೇಳಲೇಬೇಕು. ಶನಿವಾರ ಫೋನಲ್ಲಿದ್ದ ಹುಡುಗನಿಗೆ ನಾನು ಸ್ವಲ್ಪ ಜೋರಾಗಿ, "ಬೇಡ ಅಂದ್ಮೇಲೂ ಯಾಕಪ್ಪ ಹೇಳ್ತಿದ್ದೀಯಾ" ಅಂದಿದ್ದೆ. ಅವನು ಮೆಲ್ಲಗೆ, "ಇವನ್ನೆಲ್ಲ ಓದದೆ ಮುಂದಿನ ಪೇಜ್ ಓಪನ್ ಆಗಲ್ಲ ಮೇಡಂ, ನನ್ನ ಕಾಲ್ ಕೇಳ್ತಿರ್ತಾರೆ" ಅಂದ. ನನಗೆ ತುಂಬ ಬೇಜಾರಾಯಿತು. ಆಮೇಲಿಂದ ಓದೋದನ್ನ ಪೂರ್ತಿ ಓದೋಕೆ ಬಿಡುತ್ತಿದ್ದೆ. ಎರಡು ನಿಮಿಷ ಹೆಚ್ಚು ಹಿಡಿಯಬಹುದು. ಮಧ್ಯೆ ಬಾಯಿ ಹಾಕಿದರೆ ಅವರು ಮತ್ತೆ ಮೊದಲಿಂದ ಓದಬೇಕಾಗುತ್ತದೆ, ಅದಕ್ಕಿಂತ ಇದೇ ಬೇಗ. ಬೇಡ ಅನ್ನುವಾಗ ಕಾರಣ ವಿವರಿಸುವ ಅಗತ್ಯವೂ ಇಲ್ಲ. ಹೊಸ ಕಾರಣ ಕೊಟ್ಟಷ್ಟೂ ಹೊಸ ಆಫರ್ ಬರುತ್ತದೆ. ಮೊದಲು ಹೇಳಿದ ಅದೇ ವಾಕ್ಯವನ್ನು ಅದೇ ದನಿಯಲ್ಲಿ ಹೇಳಿದರೆ ಸಾಕು.

19ನೇ ತಾರೀಖು ಶುಕ್ರವಾರ ರೂಟರ್ ತಗೊಂಡು ಹೋಗಲು ಹುಡುಗ ಬಂದ. ರೂಟರ್ ಹಿಂದಿನ ಸೀರಿಯಲ್ ನಂಬರಿನ ಫೋಟೋ ತೆಗೆದುಕೊಂಡೆ. ಅಡಾಪ್ಟರ್ ಇಲ್ಲದಿದ್ದರೆ ದುಡ್ಡು ಹಿಡೀತಾರೆ ಅಂದ. ತಮ್ಮ ಬಿಟ್ಟುಹೋದ ಡಬ್ಬಗಳಲ್ಲೆಲ್ಲ ಹುಡುಕಿ ಕೊಟ್ಟೆ. ಪಡೆದಿದ್ದೇವೆ ಅನ್ನುವ ಮೆಸೇಜ್ ನನ್ನ ಫೋನಿಗೆ ಬರುವವರೆಗೆ ಅವನನ್ನು ಕೂರಿಸಿ ಕಾಫಿ ಕೊಟ್ಟೆ. ಸಂಜೆಗೆ ಕನೆಕ್ಷನ್ ಬಂದ್ ಆಯ್ತು ಅನ್ನುವ ಮೆಸೇಜೂ ಬಂತು.

ಅದು ಬಂದ ಮೇಲೆಯೇ ಯುಪಿಐ ಆಟೊಪೇ ತೆಗೆದೆ. ನಮ್ಮ ಯುಪಿಐ ಆ್ಯಪ್‌ನಲ್ಲೇ ಅದರ ಪಟ್ಟಿ ಇರುತ್ತದೆ, ಯುಪಿಐ ಪಿನ್ ಹಾಕಿ ರದ್ದು ಮಾಡಬಹುದು. ಕಂಪನಿಯವರನ್ನು ಕೇಳಬೇಕಾಗಿಲ್ಲ. ಕೆಲವರು ಈ ಆಫರ್‌ಗಳ ಕಾಟ ತಾಳಲಾರದೆ ಮೊದಲು ಆಟೊಪೇ ರದ್ದು ಮಾಡಿ, ಇನ್ನು ದುಡ್ಡು ಹೋಗಲ್ಲ ಬಿಡು ಅಂತ ಸುಮ್ಮನಾಗುತ್ತಾರೆ. ಪೋಸ್ಟ್‌ಪೇಯ್ಡ್ ಕನೆಕ್ಷನ್‌ನಲ್ಲಿ ಅದು ಬಾಕಿಯಾಗಿ ಬೆಳೆಯುತ್ತದೆ. ದುಡ್ಡು ಕಟ್ಟುವುದು ನಿಂತಿತು ಅಂದರೆ ಕನೆಕ್ಷನ್ ನಿಂತಿತು ಅಂತ ಅಲ್ಲ.

ಕೊನೇ ಬಿಲ್ 589.41 ಬಂತು. ನಮ್ಮ ಬಿಲ್ ತಿಂಗಳು 5ನೇ ತಾರೀಖಿಗೆ ಶುರುವಾಗುತ್ತದೆ. 5ರಿಂದ 19ರವರೆಗೆ ಹದಿನೈದು ದಿನ, ಅರ್ಧ ತಿಂಗಳ ಶುಲ್ಕ, ತೆರಿಗೆ ಸೇರಿ. ನಾನು ಮೊದಲು ಫೋನ್ ಮಾಡಿದ 8ರಂದೇ ನಿಂತಿದ್ದರೆ ನಾಲ್ಕು ದಿನದ್ದು 157 ರೂಪಾಯಿ 18 ಪೈಸೆ ಆಗುತ್ತಿತ್ತು. ಉಳಿದ ಹನ್ನೊಂದು ದಿನಕ್ಕೆ 432 ರೂಪಾಯಿ 23 ಪೈಸೆ ಹೋಯಿತು. ಆಫರ್‌ಗಳನ್ನು ಕೇಳಿಸಿಕೊಂಡಿದ್ದಕ್ಕೆ ನಾನು ಕೊಟ್ಟ ಬೆಲೆ ಅದು. ಅದನ್ನು ವಾಪಸ್ ಕೊಡಿ ಅಂತ ಇಮೇಲ್ ಬರೆದೆ. ರಿಕ್ವೆಸ್ಟ್ ದಾಖಲಾದದ್ದು 15ಕ್ಕೆ, ಅದಕ್ಕಿಂತ ಹಿಂದಿನ ದಿನಗಳನ್ನು ಲೆಕ್ಕ ಮಾಡೋಕೆ ಬರಲ್ಲ ಅಂದರು. ಮೊದಲ ದಿನವೇ ರಿಕ್ವೆಸ್ಟ್ ನಂಬರ್ ತಗೊಂಡಿದ್ದರೆ ನನ್ನ ಹತ್ತಿರ ಅದಕ್ಕೆ ಉತ್ತರ ಇರುತ್ತಿತ್ತು.

ಡೆಪಾಸಿಟ್ 1,000 ರೂಪಾಯಿಯಲ್ಲಿ ಕೊನೇ ಬಿಲ್ ಕಳೆದು ನಿನ್ನೆ 410.59 ಜಮಾ ಆಗಿದೆ. ಪೈಸೆ ಸಮೇತ ಸರಿ ಇದೆ.

ಇವತ್ತು ಬೆಳಿಗ್ಗೆ ಮತ್ತೆ ಒಂದು ಫೋನ್ ಬಂತು. ವಾಪಸ್ ಬಂದರೆ ಇನ್‌ಸ್ಟಾಲೇಶನ್ ಫ್ರೀ, ಮೊದಲ ತಿಂಗಳು ಫ್ರೀ ಅಂತ. ಹುಡುಗಿ ಹೇಳಿದ್ದನ್ನು ಪೂರ್ತಿ ಕೇಳಿದೆ. "ಆ ಮನೆಯಲ್ಲಿ ಈಗ ಯಾರೂ ಇಲ್ಲಮ್ಮ, ಕನೆಕ್ಷನ್ನೇ ಬೇಕಾಗಿಲ್ಲ, ಥ್ಯಾಂಕ್ಸ್" ಅಂದೆ. ಸರಿ ಮೇಡಂ ಅಂತ ಇಟ್ಟಳು. ಒಂದು ನಿಮಿಷವೂ ಆಗಲಿಲ್ಲ.